ಗಾಜಿನ ಬಾಟಲಿಯ ಬೆನ್ನ ಹಿಂದೆ ಒಂದು ಬಿಳಿ ಕಾರ್ಡ್

ಕಂದು ಗಾಜಿನ 30 ಮಿಲಿ ಬಾಟಲಿ. ಅಲ್ಯೂಮಿನಿಯಂ ಕತ್ತು, ಮೇಲೆ ಕಪ್ಪು ರಬ್ಬರಿನ ಡ್ರಾಪರ್, ಒಳಗೆ ಮುಖಕ್ಕೆ ಹಚ್ಚುವ ಎಣ್ಣೆ. ಇದರ ಒಂದೇ ಒಂದು ಚಿತ್ರ ಬೇಕು, ನೋಡಿದವರಿಗೆ ಫೋಟೋ ಅನ್ನಿಸಬೇಕು ಅಂತ ಕ್ಲೈಂಟ್ ಕೇಳಿದ್ದರು. ಬ್ಲೆಂಡರ್‌ನಲ್ಲಿ ಬಾಟಲಿಯ 3ಡಿ ಮಾಡೆಲ್ ಅರ್ಧ ದಿನದಲ್ಲಿ ಮುಗಿಯಿತು. ಅದು ಫೋಟೋ ತರ ಕಾಣೋದಕ್ಕೆ ಇನ್ನೂ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನ ಏನು ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸುತ್ತಲಿಂದ ಬೆಳಕು ಕೊಡುವ ಚಿತ್ರ, ಅಂದರೆ ಒಂದು ಸ್ಟುಡಿಯೋ ಎಚ್‌ಡಿಆರ್‌ಐ ಹಾಕಿದೆ. ಗಾಜಿಗೆ Principled BSDF ಕೊಟ್ಟು Transmission 1 ಮಾಡಿ, Base Color ಕಂದು ಮಾಡಿದೆ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ರೆಂಡರ್ ಕೊಟ್ಟೆ. ಬಂದದ್ದು ಗಾಜಲ್ಲ, ಕಂದು ಪ್ಲಾಸ್ಟಿಕ್. ಬಣ್ಣ ಎಲ್ಲ ಕಡೆ ಒಂದೇ ಸಮ. ಅಂಚೇ ಇಲ್ಲ. ಮೈ ಮೇಲೆಲ್ಲಾ ಸಣ್ಣ ಸಣ್ಣ ಹೊಳಪಿನ ಚೂರುಗಳು.

ಆಗ ನಿಜವಾದ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿದೆ. ಗೋಡೆ ತೆಳುವಾಗಿರುವ ಕಡೆ ಜೇನಿನ ಬಣ್ಣ. ತಳದ ಗಾಜು ದಪ್ಪ, ಅಲ್ಲಿ ಹೆಚ್ಚುಕಡಿಮೆ ಕಪ್ಪು, ಸ್ವಲ್ಪ ಕೆಂಪು. ಎರಡೂ ಪಕ್ಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಒಂದು ಕಪ್ಪು ಗೆರೆ. ಎಡಗಡೆ ಮೇಲಿಂದ ಕೆಳಗೆ ಒಂದೇ ಒಂದು ಉದ್ದನೆಯ ಬಿಳಿ ಹೊಳಪು, ಅದು ಕಿಟಕಿಯದ್ದು. ನನ್ನ ರೆಂಡರ್‌ನಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ.

ಬಣ್ಣದಿಂದ ಶುರು ಮಾಡಿದೆ. Base Color ಗಾಜಿನ ಮೇಲ್ಮೈಗೆ ಮಾತ್ರ ಬಣ್ಣ ಹಚ್ಚುತ್ತದೆ. ಬೆಳಕು ಒಳಗೆ ಎರಡು ಮಿಲಿಮೀಟರ್ ಹೋಯಿತೋ ಎರಡು ಸೆಂಟಿಮೀಟರ್ ಹೋಯಿತೋ, ಅದಕ್ಕೆ ಲೆಕ್ಕವಿಲ್ಲ. ಆದರೆ ನಿಜವಾದ ಗಾಜಿನಲ್ಲಿ ದಪ್ಪ ಜಾಸ್ತಿಯಾದಷ್ಟೂ ಬಣ್ಣ ಗಾಢವಾಗುತ್ತದೆ. ಹಾಗಾಗಿ Base Color ಅನ್ನು ಪೂರ್ತಿ ಬಿಳಿ ಮಾಡಿ, ಮೆಟೀರಿಯಲ್‌ನ Volume ಜಾಗಕ್ಕೆ Volume Absorption ನೋಡ್ ಜೋಡಿಸಿದೆ. ಬಣ್ಣ ಕಿತ್ತಳೆಗಂದು: ಕೆಂಪು 0.9, ಹಸಿರು 0.45, ನೀಲಿ 0.05.

ರೆಂಡರ್ ಮಾಡಿದರೆ ಬಾಟಲಿ ಕುಡಿಯುವ ನೀರಿನ ಗ್ಲಾಸ್ ಹಾಗೆ ಸ್ವಚ್ಛ! ಬಣ್ಣವೇ ಇಲ್ಲ. ಎಷ್ಟೋ ಜನ ಇಲ್ಲೇ ಕೈಬಿಟ್ಟು ಮತ್ತೆ Base Color ಕಡೆಗೆ ಹೋಗುತ್ತಾರೆ. ಕಾರಣ ತುಂಬಾ ಸರಳ. Density ಮೊದಲಿಗೆ 1 ಇರುತ್ತದೆ, ಅದು ಒಂದು ಮೀಟರಿಗೆ ಹಿಡಿದ ಲೆಕ್ಕ. ನನ್ನ ಬಾಟಲಿಯ ಗೋಡೆ 2.5 ಮಿಲಿಮೀಟರ್. ಬೆಳಕು ಎರಡು ಗೋಡೆ ದಾಟಿದರೂ 5 ಮಿಲಿಮೀಟರ್ ಅಷ್ಟೇ. ಅಷ್ಟು ದೂರದಲ್ಲಿ ನೀಲಿ ಬೆಳಕು ಕೂಡ ಶೇಕಡಾ ಅರ್ಧದಷ್ಟು ಕಮ್ಮಿಯಾಗುವುದಿಲ್ಲ. Density 100 ಮಾಡಿದಾಗ ತೆಳು ಚಹಾ ಬಣ್ಣ ಬಂತು. 400ಕ್ಕೆ ಏರಿಸಿದಾಗ ಕಿಟಕಿಯಲ್ಲಿ ನೋಡಿದ ಜೇನಿನ ಬಣ್ಣ ಸಿಕ್ಕಿತು. ತಳ ತಾನಾಗಿಯೇ ಕಪ್ಪುಗೆಂಪಾಯಿತು. ಅದಕ್ಕೆ ನಾನು ಬೇರೆ ಏನೂ ಮಾಡಬೇಕಾಗಲಿಲ್ಲ.

ಈ 400 ಕೆಲಸ ಮಾಡಬೇಕಾದರೆ ಬಾಟಲಿ ನಿಜವಾದ ಅಳತೆಯಲ್ಲಿ ಇರಬೇಕು. ನಾನು ಮೊದಲು ಒಂದು ಸೆಂಟಿಮೀಟರಿಗೆ ಒಂದು ಯೂನಿಟ್ ಅಂತ ಕಟ್ಟಿದ್ದೆ. ಅಂದರೆ ಬ್ಲೆಂಡರ್ ಲೆಕ್ಕದಲ್ಲಿ ಹತ್ತು ಮೀಟರ್ ಎತ್ತರದ ಬಾಟಲಿ. ಎಲ್ಲವನ್ನೂ 0.01ಕ್ಕೆ ಇಳಿಸಿ, Ctrl+A ಒತ್ತಿ Scale ಅಪ್ಲೈ ಮಾಡಿದೆ. ಮುಂದೆ ಕ್ಯಾಮೆರಾದ ಮಸುಕಿಗೂ ಇದೇ ಅಳತೆ ಬೇಕಾಯಿತು.

ಎಣ್ಣೆಯದ್ದು ಬೇರೆ ಕಥೆ. ಎಣ್ಣೆಯ ಮೆಶ್ ಅನ್ನು ಗಾಜಿನ ಒಳಗೋಡೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಮಾಡಿದ್ದೆ. ಒಳಗೆ ಕೂರಬೇಕಲ್ವಾ ಅಂತ. ಆದರೆ ನಡುವೆ ಗಾಳಿಯ ಒಂದು ಪದರ ಉಳಿಯಿತು. ಎಣ್ಣೆ ಗಾಜಿಗೆ ಅಂಟಿಕೊಂಡಿಲ್ಲ, ಒಳಗೆ ಬೇರೆ ಒಂದು ಕೊಳವೆ ಇಟ್ಟ ಹಾಗೆ ಬೆಳ್ಳಿ ಹೊಳಪು ಕಾಣುತ್ತಿತ್ತು. ಎರಡನ್ನೂ ಸರಿಯಾಗಿ ಒಂದೇ ಜಾಗಕ್ಕೆ ತಂದರೆ ಕಪ್ಪು ಕಲೆಗಳು ಬಂದವು. ಕೊನೆಗೆ ಎಣ್ಣೆಯ ಮೆಶ್ ಅನ್ನು 0.2 ಮಿಲಿಮೀಟರ್ ದೊಡ್ಡದು ಮಾಡಿ ಗಾಜಿನ ಒಳಕ್ಕೆ ತುಸು ನುಗ್ಗಿಸಿದೆ. ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಳತೆ IOR, ಅದು ಗಾಜಿಗೆ 1.5, ಎಣ್ಣೆಗೆ 1.47. ಎರಡೂ ಹತ್ತಿರ ಇರುವುದರಿಂದ ಒಳಗೋಡೆ ಕಣ್ಣಿಗೆ ಕಾಣದೆ ಹೋಗಿ, ಬಣ್ಣ ಹೊರಮೈವರೆಗೂ ತುಂಬಿಕೊಂಡಂತೆ ಕಂಡಿತು. ನಿಜವಾದ ಬಾಟಲಿಯಲ್ಲೂ ಹಾಗೇ ಇತ್ತು.

ಈಗ ಬೆಳಕು. ಎಚ್‌ಡಿಆರ್‌ಐ ತೆಗೆದೇಬಿಟ್ಟೆ. World ಬಣ್ಣ ಪೂರ್ತಿ ಕಪ್ಪು ಮಾಡಿದೆ. ಗಾಜಿನ ಮೇಲೆ ಬೆಳಕು ಬಿಟ್ಟರೆ ಗಾಜು ಬೆಳಗುವುದಿಲ್ಲ. ಅದರ ಹಿಂದೆ ಏನಿದೆಯೋ ಅದು ಅದರೊಳಗೆ ಕಾಣುತ್ತದೆ, ಅಕ್ಕಪಕ್ಕ ಏನಿದೆಯೋ ಅದು ಅದರ ಮೈಮೇಲೆ ಕಾಣುತ್ತದೆ. ಹಾಗಾಗಿ ಕತ್ತಲಿನಿಂದ ಶುರು ಮಾಡಿ ಒಂದೊಂದೇ ಬೆಳಕನ್ನು ಸೇರಿಸುತ್ತಾ ಹೋದೆ.

ಮೊದಲು ಸೇರಿಸಿದ್ದು ಬಾಟಲಿಯ ಬೆನ್ನ ಹಿಂದೆ ಒಂದು ಬಿಳಿ ಕಾರ್ಡ್. ಸುಮ್ನೆ ಒಂದು ಪ್ಲೇನ್, ಅದಕ್ಕೆ ಎಮಿಷನ್ ಶೇಡರ್. ಫೋಟೋ ತೆಗೆಯುವವರು ಪಾನೀಯದ ಬಾಟಲಿ ಹಿಂದೆ ಬಿಳಿ ಹಾಳೆ ಕತ್ತರಿಸಿ ಇಡುತ್ತಾರಲ್ಲ, ಅದೇ ಉಪಾಯ. ಶುರುವಿಗೆ 6 ಸೆಂಟಿಮೀಟರ್ ಅಗಲ ಇಟ್ಟೆ. ಬಾಟಲಿ ಚೆನ್ನಾಗಿ ಬೆಳಗಿತು, ಆದರೆ ಅಂಚಿನ ಕಪ್ಪು ಗೆರೆ ಕರಗಿಹೋಗಿ ಚಪ್ಪಟೆಯಾಯಿತು. ಎಣ್ಣೆ ತುಂಬಿದ ಬಾಟಲಿ ಒಂದು ಮಸೂರದ ಹಾಗೆ. ಹಿಂದಿನ ಚಿಕ್ಕ ವಸ್ತುವನ್ನೂ ಅಗಲವಾಗಿ ಹರಡಿ ತೋರಿಸುತ್ತದೆ. ತುದಿ ಅಂಚಿನಲ್ಲಿ ಮಾತ್ರ ಬೆಳಕಿನ ದಾರಿ ಜಾಸ್ತಿ ಬಾಗಿ ಕಾರ್ಡ್‌ನ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ಕತ್ತಲಿದ್ದರೆ ಕಪ್ಪು ಗೆರೆ ಹುಟ್ಟುತ್ತದೆ. ಕಾರ್ಡ್ ಅಗಲವಾಗಿದ್ದರೆ ಅಲ್ಲೂ ಬಿಳಿಯೇ ಸಿಗುತ್ತದೆ.

ಬಾಟಲಿಯ ವ್ಯಾಸ 33 ಮಿಲಿಮೀಟರ್. ಕಾರ್ಡ್ ಅನ್ನು 3 ಸೆಂಟಿಮೀಟರ್ ಹಿಂದೆ ಇಟ್ಟು, ಅಗಲವನ್ನು ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡುತ್ತಾ ಬಂದೆ. 24 ಮಿಲಿಮೀಟರಿಗೆ ಬಂದಾಗ ಎರಡೂ ಪಕ್ಕದಲ್ಲಿ ಗೆರೆ ಮೂಡಿತು. ಆ ಕ್ಷಣ ಬಾಟಲಿ ದುಂಡಗೆ ಎದ್ದು ನಿಂತಿತು. ನಾಲ್ಕು ದಿನದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆ ಅದೇ. ಒಂದು ಸಣ್ಣ ತೊಂದರೆ ಮಾತ್ರ ಉಳಿಯಿತು. ಎಣ್ಣೆ ಇಲ್ಲದ ಮೇಲ್ಭಾಗದಲ್ಲಿ ಮಸೂರ ಇಲ್ಲ, ಹಾಗಾಗಿ ಅಲ್ಲಿ ಕಾರ್ಡ್ ಒಂದು ಬಿಳಿ ಪಟ್ಟಿಯಾಗಿ ಇಣುಕುತ್ತಿತ್ತು. ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಅದನ್ನು ಕತ್ತರಿಸಿದೆ. ಕಾರ್ಡ್‌ನ Ray Visibility ಒಳಗೆ Camera, Diffuse, Shadow ಮೂರನ್ನೂ ತೆಗೆದೆ. ಇದರಿಂದ ಅದು ಗಾಜಿನ ಮೂಲಕ ಕಾಣುತ್ತದೆ, ಆದರೆ ನೆಲವನ್ನು ಬೆಳಗುವುದಿಲ್ಲ, ನೆಲದ ಮೇಲೆ ನೆರಳೂ ಬೀಳುವುದಿಲ್ಲ.

ಆಮೇಲೆ ಎಡಗಡೆ 12 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಒಂದು ಪ್ಲೇನ್. ಬಲಗಡೆ ಅದೇ ಎತ್ತರದ, ಬರೀ 3 ಸೆಂಟಿಮೀಟರ್ ಅಗಲದ ಪಟ್ಟಿ. ಮೊದಲು ಎರಡಕ್ಕೂ ಒಂದೇ ಸಮ ಬಿಳಿ ಕೊಟ್ಟಿದ್ದೆ. ಹೊಳಪಿನ ಅಂಚು ಬ್ಲೇಡಿನಲ್ಲಿ ಕುಯ್ದ ಹಾಗೆ ಬಂತು, ನೋಡಿದ ಕೂಡಲೇ ಕಂಪ್ಯೂಟರ್ ಚಿತ್ರ ಅಂತ ಗೊತ್ತಾಗುತ್ತಿತ್ತು. Gradient Texture ಅನ್ನು ಯುವಿ ಮೇಲೆ ಓಡಿಸಿ, Color Ramp ಮೂಲಕ ಎಮಿಷನ್‌ಗೆ ಕೊಟ್ಟೆ. ಬಾಟಲಿಯ ನಡುವಿನ ಕಡೆಗಿರುವ ಅಂಚು ನಿಧಾನವಾಗಿ ಕಪ್ಪಿಗೆ ಇಳಿಯುತ್ತದೆ, ಹೊರಗಡೆಯ ಅಂಚು ಚುರುಕಾಗಿಯೇ ಉಳಿಯುತ್ತದೆ. ಅಷ್ಟು ಮಾಡಿದ್ದಕ್ಕೆ ಹೊಳಪಿಗೆ ಸಾಫ್ಟ್‌ಬಾಕ್ಸಿನ ಗುಣ ಬಂತು.

ಇಲ್ಲೊಂದು ಜಗಳ ಇದೆ. ನೇರ ನೋಡಿದಾಗ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಅಲ್ಯೂಮಿನಿಯಂ ಶೇಕಡಾ 90ರಷ್ಟು ಕಳಿಸುತ್ತದೆ. ಗಾಜಿನ ಮೇಲೆ ಹೊಳಪು ಕಾಣುವಷ್ಟು ಬೆಳಕು ಕೊಟ್ಟರೆ ಕತ್ತು ಸುಟ್ಟು ಬಿಳಿಯಾಗುತ್ತದೆ. ಲೋಹದ Roughness 0.1 ಇದ್ದದ್ದನ್ನು 0.3 ಮಾಡಿದೆ. ಹೊಳಪು ಹರಡಿ ತಣ್ಣಗಾಯಿತು. ಲೋಹದ ಅಂಚಿಗೆ 0.3 ಮಿಲಿಮೀಟರ್ ಬೆವೆಲ್ ಕೊಟ್ಟೆ, ಅದು ಬೆಳಕು ಹಿಡಿದು ಒಂದು ತೆಳ್ಳನೆ ಗೆರೆ ಕೊಟ್ಟಿತು. ರಬ್ಬರಿಗೆ ಪೂರ್ತಿ ಕಪ್ಪು ಕೊಡಬೇಡಿ. 0.02ರಷ್ಟು ಇಟ್ಟು Roughness 0.55 ಕೊಟ್ಟರೆ ಅದರ ದುಂಡಗಿನ ಆಕಾರ ಉಳಿಯುತ್ತದೆ.

ನೆರಳು ಮಾತ್ರ ಕಲ್ಲಿದ್ದಲಿನಷ್ಟು ಕಪ್ಪಾಗಿತ್ತು. ಗಾಜಿನ ಮೂಲಕ ಬೆಳಕು ನೆಲ ಸೇರುವ ದಾರಿಯನ್ನು ಸೈಕಲ್ಸ್ ಸುಲಭವಾಗಿ ಹುಡುಕುವುದಿಲ್ಲ. ಗಾಜಿನ ಮೆಟೀರಿಯಲ್‌ನಲ್ಲಿ Mix Shader ಹಾಕಿ, Light Path ನೋಡ್‌ನ Is Shadow Ray ಅನ್ನು ಅದರ ಮೊದಲ ತೂತಿಗೆ ಜೋಡಿಸಿ, ಎರಡನೇ ಶೇಡರ್ ಆಗಿ Transparent BSDF ಕೊಟ್ಟೆ. ಎಣ್ಣೆಗೂ ಇದನ್ನೇ ಮಾಡಬೇಕು, ಇಲ್ಲದಿದ್ದರೆ ಎಣ್ಣೆಯೇ ಬೆಳಕನ್ನು ತಡೆಯುತ್ತದೆ. ನೆರಳು ತಿಳಿಯಾಗಿ, ಕಂದು ಬಣ್ಣಕ್ಕೆ ತಿರುಗಿತು. ಇದು ನಿಜವಾದ ಕಾಸ್ಟಿಕ್ಸ್ ಅಲ್ಲ. ನೆಲದ ಮೇಲೆ ಬೆಳಕಿನ ಬಳ್ಳಿ ಆಡುವುದು ಬೇಕು ಅಂದರೆ ಈ ಉಪಾಯ ಸಾಲದು. ನನ್ನ ಚಿತ್ರಕ್ಕೆ ಸಾಕಾಗಿತ್ತು.

ಕ್ಯಾಮೆರಾಗೆ ನಾನು ಜಾಸ್ತಿ ಹೊತ್ತು ಕೊಡಲಿಲ್ಲ. 50 ಎಂಎಂ ಬಿಟ್ಟು 85 ಎಂಎಂ ಮಾಡಿ, 36 ಸೆಂಟಿಮೀಟರ್ ದೂರ ಇಟ್ಟೆ. ಮೇಲಿಂದ ಸ್ವಲ್ಪ ಕೆಳಗೆ ಬಗ್ಗಿಸಿದರೆ ಬಾಟಲಿಯ ಪಕ್ಕಗಳು ಕೆಳಗೆ ಹೋಗುತ್ತಾ ಕಿರಿದಾಗುತ್ತವೆ. ಹಾಗಾಗಿ ಕ್ಯಾಮೆರಾದ X ತಿರುವು ಸರಿಯಾಗಿ 90 ಡಿಗ್ರಿ ಇಟ್ಟು, ಎತ್ತರ 8 ಸೆಂಟಿಮೀಟರಿಗೆ ಏರಿಸಿ, ಬಾಟಲಿಯನ್ನು ಚೌಕಟ್ಟಿನ ನಡುವೆ ತರೋದಕ್ಕೆ Shift Y ಅನ್ನು -0.2 ಮಾಡಿದೆ. ಗೆರೆಗಳು ನೆಟ್ಟಗೆ ನಿಂತವು.

ಮಸುಕು ಬೇಕು ಅಂತ Depth of Field ಹಾಕಿದಾಗ F-Stop 2.8ರಲ್ಲೇ ಇತ್ತು. ಇಷ್ಟು ಹತ್ತಿರದಿಂದ 2.8 ಇಟ್ಟರೆ ಸ್ಪಷ್ಟವಾಗಿ ಕಾಣುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಲೇಬಲ್‌ನ ನಡುವಿನ ಅಕ್ಷರ ಚೆನ್ನಾಗಿತ್ತು, ಪಕ್ಕದ ಅಕ್ಷರ ಕರಗಿತ್ತು. 16ಕ್ಕೆ ಏರಿಸಿ, ರೆಂಡರ್‌ನಲ್ಲಿ ಕಾಣದ ಒಂದು ಎಂಪ್ಟಿಯನ್ನು ಲೇಬಲ್‌ಗಿಂತ ಸ್ವಲ್ಪ ಹಿಂದೆ ಇಟ್ಟು ಅದರ ಮೇಲೆ ಫೋಕಸ್ ಕೊಟ್ಟೆ. ಲೇಬಲ್ ಪೂರ್ತಿ ಓದೋ ಹಾಗೆ ಬಂತು. ಹಿಂದಿನ ನೆಲ ಮಾತ್ರ ಮೆತ್ತಗೆ ಮಸುಕಾಯಿತು.

ರೆಂಡರ್ ಕಳಿಸಿದೆ. ಲೇಬಲ್ ಮೇಲಿನ ಹಸಿರು ನಮ್ಮ ಹಸಿರಲ್ಲ, ಸ್ವಲ್ಪ ಸಪ್ಪೆ ಅಂತ ಕ್ಲೈಂಟ್ ಹೇಳಿದರು. ಅವರು ಹೇಳಿದ್ದು ಸರಿ. ಬ್ಲೆಂಡರ್ 4.0ರಿಂದ View Transform ತಾನಾಗಿಯೇ AgX ಇರುತ್ತದೆ. ಅದು ಹೊಳಪಿನ ಜಾಗಗಳನ್ನು ಸುಂದರವಾಗಿ ಇಳಿಸುತ್ತದೆ, ಜೊತೆಗೆ ಗಾಢ ಬಣ್ಣಗಳನ್ನೂ ಸ್ವಲ್ಪ ತೊಳೆಯುತ್ತದೆ. Standard ಮಾಡಿದರೆ ಹಸಿರು ಸರಿಹೋಯಿತು, ಎಡಗಡೆಯ ಹೊಳಪು ಸುಟ್ಟಿತು. ಎಡ ಪ್ಲೇನಿನ ಎಮಿಷನ್ 5 ಇದ್ದದ್ದನ್ನು 3ಕ್ಕೆ ಇಳಿಸಿ, Standard ಅನ್ನೇ ಇಟ್ಟು ಮತ್ತೆ ರೆಂಡರ್ ಮಾಡಿದೆ. ಆ ಚಿತ್ರವನ್ನು ಅವರು ಹಾಗೆಯೇ ತೆಗೆದುಕೊಂಡರು.