ಹೊರಗಿನ ತಿಂಡಿ: ಎರಡು ಗಂಟೆ ಬಿಟ್ಟು ನೋಡಿದಾಗ ಗೊತ್ತಾಗಿದ್ದು

ನನಗೆ ಟೈಪ್ 2 ಶುಗರ್ ಇದೆ. ಕೆಲಸದ ಓಡಾಟದಿಂದಾಗಿ ವಾರದಲ್ಲಿ ನಾಲ್ಕು ದಿನವಾದರೂ ಬೆಳಗಿನ ತಿಂಡಿ ಹೊರಗೇ ಆಗುತ್ತದೆ. ಮೊದಲೆಲ್ಲ ಓಟ್ಸ್ ಗಂಜಿ, ಮೇಲೆ ಸ್ವಲ್ಪ ಜೇನು, ಜೊತೆಗೆ ಒಂದು ಲೋಟ ಹಣ್ಣಿನ ಜ್ಯೂಸ್ ತಗೊಳ್ಳುತ್ತಿದ್ದೆ. ಎಣ್ಣೆ ಇಲ್ಲ, ಕರಿದಿದ್ದಲ್ಲ, ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ.

ಒಂದು ದಿನ ಗ್ಲುಕೋಮೀಟರಿನಲ್ಲಿ ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದೆ. 128 ಇದ್ದದ್ದು 236 ಆಗಿತ್ತು. ಎರಡು ಗಂಟೆಯ ಹೊತ್ತಿಗೆ 180ರ ಒಳಗಿರಬೇಕು ಅಂತ ಡಾಕ್ಟರ್ ಹೇಳಿದ್ದರು. ಜ್ಯೂಸ್‌ನಲ್ಲಿ ನಾರು ಹೋಗಿ ಸಕ್ಕರೆ ಮಾತ್ರ ಉಳಿದಿರುತ್ತದೆ, ಬೇಗ ಬೇಯುವ ಓಟ್ಸ್ ಅಷ್ಟೇ ಬೇಗ ಕರಗುತ್ತದೆ, ಮೇಲಿಂದ ಜೇನು ಬೇರೆ. ಸಾಲದ್ದಕ್ಕೆ ಬೆಳಗಿನ ಹೊತ್ತು ಕೆಲವು ಹಾರ್ಮೋನುಗಳು ಏರಿರುವುದರಿಂದ ನಮ್ಮಲ್ಲಿ ತುಂಬಾ ಜನಕ್ಕೆ ಇನ್ಸುಲಿನ್ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದೇ ಊಟ ಮಧ್ಯಾಹ್ನ ಮಾಡಿದ್ದರೆ ಇಷ್ಟು ಏರದೆಯೂ ಇರಬಹುದಿತ್ತು.

ಮರುವಾರ ಅದೇ ಜಾಗದಲ್ಲಿ ಎರಡು ಮೊಟ್ಟೆಯ ಆಮ್ಲೆಟ್‌ಗೆ ತರಕಾರಿ ಜಾಸ್ತಿ ಹಾಕಿಸಿಕೊಂಡು, ಅದನ್ನು ಪೂರ್ತಿ ತಿಂದಾದ ಮೇಲೆ ಒಂದೇ ಸ್ಲೈಸ್ ಬ್ರೆಡ್ ತಿಂದೆ. ಜ್ಯೂಸ್ ಬದಲು ಸಕ್ಕರೆ ಇಲ್ಲದ ಕಾಫಿ. 126ರಿಂದ 164ಕ್ಕೆ ನಿಂತಿತು. ತಿನ್ನುವ ಸರದಿಯೂ ಮುಖ್ಯ. ಮೊಟ್ಟೆ, ತರಕಾರಿ ಮೊದಲು ಹೊಟ್ಟೆ ಸೇರಿದರೆ ಬ್ರೆಡ್ಡಿನ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಮೊಟ್ಟೆ ಸಿಗದ ಕಡೆ ಸಪ್ಪೆ ಮೊಸರು, ಒಂದು ಹಿಡಿ ಬಾದಾಮಿ ತಗೊಳ್ಳುತ್ತೇನೆ. ಹಣ್ಣಿನ ರುಚಿಯ ಮೊಸರಿನ ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ, ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿಸಿರುತ್ತಾರೆ.

ಒಮ್ಮೆ ಇದೇ ಆಮ್ಲೆಟ್ ತಿಂದ ದಿನ 241 ತೋರಿಸಿತು. ಗಾಬರಿಯಾಯಿತು. ಆಮೇಲೆ ನೆನಪಾಯಿತು, ಸಹೋದ್ಯೋಗಿಗೆ ಕಿತ್ತಳೆ ಸುಲಿದು ಕೊಟ್ಟ ಕೈಯಲ್ಲೇ ಬೆರಳು ಚುಚ್ಚಿಕೊಂಡಿದ್ದೆ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ ಮತ್ತೆ ನೋಡಿದರೆ 158. ಬೆರಳಿನ ಮೇಲಿನ ಹಣ್ಣಿನ ರಸವೇ ಲೆಕ್ಕ ಕೆಡಿಸಿತ್ತು.

ಅಂಕಿ ಇಳಿಯಿತು ಅನ್ನೋ ಖುಷಿಯಲ್ಲಿ ಒಂದು ದಿನ ಬ್ರೆಡ್ಡನ್ನೂ ಬಿಟ್ಟೆ. ನಾನು ತಗೊಳ್ಳುವುದು ಗ್ಲಿಮೆಪಿರೈಡ್. ಅದು ನಾವು ತಿಂದಿರಲಿ ಬಿಡಲಿ ಇನ್ಸುಲಿನ್ ಹೊರಡಿಸುವ ಮಾತ್ರೆ. ಹನ್ನೊಂದು ಗಂಟೆಗೆ ಮೀಟಿಂಗ್ ನಡುವೆ ಕೈ ನಡುಗಿ ಬೆವರು ಸುರಿಯಿತು, ನೋಡಿದರೆ 64. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 92. ಬರೆದಿಟ್ಟ ಅಂಕಿಗಳನ್ನೆಲ್ಲ ಡಾಕ್ಟರಿಗೆ ತೋರಿಸಿದೆ, ಅವರು ಮಾತ್ರೆಯ ಪ್ರಮಾಣ ಇಳಿಸಿದರು. ಆ ಒಂದು ಸ್ಲೈಸ್ ಬ್ರೆಡ್ ಈಗ ಮತ್ತೆ ತಟ್ಟೆಗೆ ಬಂದಿದೆ, ಕೊನೆಯ ತುತ್ತಾಗಿ.