ಜಿಎಸ್‌ಟಿ ದರ ಬದಲಾದ ವಾರ: 4.12ಕ್ಕೆ ಟಿಕೆಟ್ ಆರಿಸಿ ರಿಲೀಸ್ ನೋಟ್ಸ್ ಬರೆದ ಬಗೆ

ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡದಲ್ಲಿ ರಿಲೀಸ್ ನೋಡಿಕೊಳ್ಳುವ ಕೆಲಸ ನನ್ನದು. ಯಾವ ಟಿಕೆಟ್ ಈ ಸಲ ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ತೀರ್ಮಾನಿಸಬೇಕು. ಆಮೇಲೆ ಅಂಗಡಿಯವರಿಗೆ ಅರ್ಥವಾಗುವ ಹಾಗೆ ನೋಟ್ಸ್ ಬರೆಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೋದ 4.12 ಆವೃತ್ತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ದಿನಾಂಕ ನಮ್ಮ ಕೈಯಲ್ಲಿರಲಿಲ್ಲ. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ದರ ಬದಲಿಸುವ ತೀರ್ಮಾನ ಮಾಡಿತು, 22ರಿಂದ ಹೊಸ ದರ ಜಾರಿ. ಹೆಚ್ಚಿನ ಔಷಧಿಗಳು ಶೇ. 12ರಿಂದ ಶೇ. 5ಕ್ಕೆ ಇಳಿದವು. 33 ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಹೋಯಿತು. ಅಂಗಡಿಯವರು 22ರ ಬೆಳಿಗ್ಗೆ ಶಟರ್ ಎತ್ತುವಾಗ ಬಿಲ್ಲು ಸರಿಯಾಗಿ ಬರಬೇಕು, ಅಷ್ಟೇ.

ನಮ್ಮ ಟಿಕೆಟ್‌ಗಳು ಜಿರಾದಲ್ಲಿವೆ. ಪ್ರತಿ ಟಿಕೆಟ್‌ಗೂ ಯಾವ ಆವೃತ್ತಿಗೆ ಅಂತ Fix Version ಹಾಕಿರುತ್ತೇವೆ. ಆ ಆವೃತ್ತಿಯಲ್ಲಿ `Done` ಆಗಿರುವುದನ್ನೆಲ್ಲ ಹುಡುಕಿ, ಶೀರ್ಷಿಕೆಗಳನ್ನು ನಕಲು ಮಾಡಿದರೆ ನೋಟ್ಸ್ ಆಯ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ `Done` ಅನ್ನುವುದು ಒಬ್ಬರು ಒಂದು ಹೊತ್ತಿನಲ್ಲಿ ಒತ್ತಿದ ಗುಂಡಿ. ಅವರ ಕೆಲಸ ಮುಗಿಯಿತು ಅಂತ ಅದು ಹೇಳುತ್ತದೆ. ಆ ಕೋಡ್ ಈ ಬ್ರಾಂಚಿನಲ್ಲಿ ಇದೆ ಅಂತ ಹೇಳುವುದಿಲ್ಲ. ಹಾಗಾಗಿ ನಾನು ಮೊದಲು ಬ್ರಾಂಚನ್ನೇ ಕೇಳುತ್ತೇನೆ. ಹಿಂದಿನ ಆವೃತ್ತಿಯ ಟ್ಯಾಗ್‌ನಿಂದ ಈಚೆಗೆ ಬಂದ ಕಮಿಟ್ ಸಂದೇಶಗಳಲ್ಲಿ ಇರುವ ಟಿಕೆಟ್ ಸಂಖ್ಯೆಗಳನ್ನು ಹೊರತೆಗೆಯುತ್ತೇನೆ. ಜಿರಾದಿಂದ ಈ ಆವೃತ್ತಿಯಲ್ಲಿ `Done` ಆದವುಗಳ ಸಂಖ್ಯೆಗಳ ಪಟ್ಟಿಯನ್ನು `export.txt` ಆಗಿ ಇಳಿಸಿಕೊಂಡು ಎರಡನ್ನೂ ಹೋಲಿಸುತ್ತೇನೆ.

```
git log v4.11.0..release/4.12 --format=%B \
  | grep -oE 'BILL-[0-9]+' | sort -u > git.txt
tr -d '\r' < export.txt | sort -u > jira.txt
comm -23 jira.txt git.txt   # ಜಿರಾದಲ್ಲಿ ಮಾತ್ರ
comm -13 jira.txt git.txt   # ಗಿಟ್‌ನಲ್ಲಿ ಮಾತ್ರ
```

ಆ `tr` ಸಾಲನ್ನು ಬಿಡಬೇಡಿ. ವಿಂಡೋಸ್‌ನಲ್ಲಿ ಉಳಿಸಿದ ಫೈಲಿನಲ್ಲಿ ಸಾಲಿನ ಕೊನೆಗೆ ಕಾಣದ ಅಕ್ಷರ ಒಂದು ಅಂಟಿಕೊಂಡಿರುತ್ತದೆ. ಆಗ ಎರಡು ಪಟ್ಟಿಯಲ್ಲಿ ಒಂದೂ ಹೊಂದುವುದಿಲ್ಲ, ಎಲ್ಲ ಟಿಕೆಟ್‌ಗಳೂ ಕಾಣೆಯಾದ ಹಾಗೆ ತೋರುತ್ತದೆ. ಹಾಗೆ ಕಂಡರೆ ಗಾಬರಿ ಬೇಡ, ಮೊದಲು ಅದನ್ನೇ ಸಂಶಯಪಡಿ.

ಜಿರಾದಲ್ಲಿ ಮಾತ್ರ ಇರುವವು ಸಾಮಾನ್ಯವಾಗಿ ಸುಲಭ. ಕೋಡ್ ಮುಖ್ಯ ಬ್ರಾಂಚಿಗೆ ಸೇರಿರುತ್ತದೆ, ರಿಲೀಸ್ ಬ್ರಾಂಚಿಗೆ ಚೆರ್ರಿ-ಪಿಕ್ ಮಾಡುವುದು ಉಳಿದಿರುತ್ತದೆ. ಇಲ್ಲವೇ ಕೋಡೇ ಬೇಕಿಲ್ಲದ ಟಿಕೆಟ್ ಆಗಿರುತ್ತದೆ. ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಸಿಗುತ್ತದೆ.

ಗಿಟ್‌ನಲ್ಲಿ ಮಾತ್ರ ಇರುವವು ಹಾಗಲ್ಲ. ಯಾರೂ ಹೇಳದೆ ಅಂಗಡಿಗೆ ಹೋಗುವ ಬದಲಾವಣೆ ಅಂದರೆ ಅವೇ. 4.12ರಲ್ಲಿ ಇಂಥದ್ದೊಂದು ಸಿಕ್ಕಿತು, BILL-791. ಟಿಕೆಟ್ ಇನ್ನೂ `In Progress`ನಲ್ಲಿದೆ, ಕೋಡ್ ಮಾತ್ರ ಬ್ರಾಂಚಿನಲ್ಲಿದೆ. ಸ್ಟ್ರಿಪ್ ಮೇಲೆ 09/2025 ಅಂತ ಎಕ್ಸ್‌ಪೈರಿ ಇದ್ದರೆ ಸೆಪ್ಟೆಂಬರ್ 30ರವರೆಗೆ ಮಾರಬಹುದು. ನಮ್ಮ ಸಾಫ್ಟ್‌ವೇರ್ 1ನೇ ತಾರೀಖಿನಿಂದಲೇ ತಡೆಯುತ್ತಿತ್ತು. ಡೆವಲಪರ್ ಬೇರೆ ಕೆಲಸದ ನಡುವೆ ಬಿಲ್ ಪರದೆಯಲ್ಲಿ ಅದನ್ನು ಸರಿಮಾಡಿದ್ದರು. ಸ್ಟಾಕ್ ಪಟ್ಟಿಯಲ್ಲಿ ಮಾಡುವುದು ಬಾಕಿಯಿದ್ದದ್ದರಿಂದ ಟಿಕೆಟ್ ತೆರೆದೇ ಇತ್ತು. ಅಂದರೆ ಬಿಲ್ ಪರದೆ ಮಾರಲು ಬಿಡುತ್ತದೆ, ಸ್ಟಾಕ್ ಪಟ್ಟಿ ಅದೇ ಔಷಧಿಯನ್ನು ಅವಧಿ ಮುಗಿದದ್ದು ಅಂತ ಕೆಂಪಾಗಿ ತೋರಿಸುತ್ತದೆ. ಔಷಧಿ ಅಂಗಡಿಯಲ್ಲಿ ಇದು ಸಣ್ಣ ಗೊಂದಲವಲ್ಲ. ಆ ಕಮಿಟನ್ನು ರಿಲೀಸ್ ಬ್ರಾಂಚಿನಿಂದ ವಾಪಸ್ ತೆಗೆಸಿದೆ.

ಇಲ್ಲೇ ಇನ್ನೊಂದು ಸಿಕ್ಕು ಇದೆ. ವಾಪಸ್ ತೆಗೆದ ಕಮಿಟ್‌ನ ಸಂದೇಶ `Revert "BILL-791 ..."` ಅಂತ ಇರುತ್ತದೆ. ಮೊದಲು ಹಾಕಿದ ಕಮಿಟ್ ಕೂಡ ಇತಿಹಾಸದಲ್ಲಿ ಹಾಗೇ ಉಳಿದಿರುತ್ತದೆ. ಮೇಲಿನ ಆಜ್ಞೆಗೆ ಸಂಖ್ಯೆ ಎರಡು ಸಲ ಸಿಗುತ್ತದೆ, ಕೋಡ್ ಮಾತ್ರ ಇಲ್ಲ. ಟಿಕೆಟನ್ನು ಯಾರಾದರೂ `Done` ಮಾಡಿದ್ದರೆ ಎರಡು ಪಟ್ಟಿಯೂ ಚೆನ್ನಾಗಿ ಹೊಂದಿಕೊಂಡು ನಮ್ಮನ್ನು ನಂಬಿಸುತ್ತವೆ. ಅದಕ್ಕೇ ಇದನ್ನು ಬೇರೆಯಾಗಿ ನೋಡುತ್ತೇನೆ:

```
git log v4.11.0..release/4.12 --oneline --grep='^Revert'
```

ಪ್ರಿಂಟ್ ವಿನ್ಯಾಸದ BILL-798 ಹೀಗೆಯೇ ಸಿಕ್ಕಿಬಿತ್ತು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಲ್ಲಿ ಸಾಲು ತಪ್ಪುತ್ತಿತ್ತು ಅಂತ ಅದನ್ನು ಹಿಂದೆಯೇ ತೆಗೆದಿದ್ದರು. ಜಿರಾದಲ್ಲಿ ಅದು ಇನ್ನೂ ಹಸಿರು ಬಣ್ಣದಲ್ಲಿ ನಗುತ್ತಿತ್ತು. Fix Version ಬದಲಿಸಿದೆ, ನೋಟ್ಸ್‌ನಿಂದಲೂ ಹೋಯಿತು. ವಾಟ್ಸಾಪ್‌ನಲ್ಲಿ ಬಿಲ್ ಕಳಿಸುವ ಸೌಲಭ್ಯದ ಕೋಡ್ ಮಾತ್ರ ಬ್ರಾಂಚಿನಲ್ಲಿತ್ತು, ಆದರೆ ಸ್ವಿಚ್ ಆಫ್ ಆಗಿತ್ತು. ಅದೂ ನೋಟ್ಸ್‌ಗೆ ಬರುವುದಿಲ್ಲ. ಬಳಸುವವರಿಗೆ ಕಾಣದ್ದನ್ನು ಬರೆದರೆ ಸಪೋರ್ಟ್‌ನವರಿಗೆ ಫೋನ್ ಬರುತ್ತದೆ, ಅಲ್ವಾ?

ಇಷ್ಟು ಆದಮೇಲೆ ಎರಡೂ ಕಡೆ ಇರುವ ಟಿಕೆಟ್‌ಗಳು ಉಳಿಯುತ್ತವೆ. ಇವುಗಳ ಬಗ್ಗೆ ಟೆಸ್ಟಿಂಗ್‌ನವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. "ಟೆಸ್ಟ್ ಆಗಿದೆಯಾ" ಅಂತಲ್ಲ, "ಯಾವ ಬಿಲ್ಡ್‌ನಲ್ಲಿ ಟೆಸ್ಟ್ ಆಯ್ತು" ಅಂತ. ಆ ಬಿಲ್ಡ್ ಸಂಖ್ಯೆಯಿಂದಲೇ ಆ ವಾರದ ದೊಡ್ಡ ಸಮಸ್ಯೆ ಹೊರಬಿತ್ತು.

BILL-812 ಹೊಸ ದರದ ಟಿಕೆಟ್. ದರಕ್ಕೆ "ಎಂದಿನಿಂದ" ಅನ್ನುವ ದಿನಾಂಕ ಸೇರಿಸಿ, ಬಿಲ್ಲಿನ ದಿನಾಂಕ ನೋಡಿ ತೆರಿಗೆ ಲೆಕ್ಕ ಹಾಕುವುದು. ಹಾಗಿದ್ದರೆ ಮೊದಲೇ ಇನ್‌ಸ್ಟಾಲ್ ಮಾಡಿಕೊಂಡರೂ 22ರಿಂದಲೇ ಕೆಲಸ ಮಾಡುತ್ತದೆ. BILL-815 ಸೇಲ್ಸ್ ರಿಟರ್ನ್‌ದು. 20ರಂದು ಮಾರಿದ ಔಷಧಿ 23ರಂದು ವಾಪಸ್ ಬಂದರೆ ಹಳೆಯ ಶೇ. 12ರಲ್ಲೇ ತೆರಿಗೆ ಕಳೆಯಬೇಕು. ವಾಪಸ್ ಪಡೆದಾಗ ಕೊಡುವ ಕ್ರೆಡಿಟ್ ನೋಟ್ ಮೂಲ ಬಿಲ್ಲಿನ ತೆರಿಗೆಯನ್ನು ಸರಿಪಡಿಸುವುದು ತಾನೆ. ಎರಡೂ `Done`. ಎರಡೂ ಬ್ರಾಂಚಿನಲ್ಲಿವೆ. ಎರಡೂ ಟೆಸ್ಟ್ ಆಗಿವೆ. ಆದರೆ 815 ಟೆಸ್ಟ್ ಆದ ಬಿಲ್ಡ್ 812 ಸೇರುವುದಕ್ಕಿಂತ ಹಿಂದಿನದು. ಆಗ ಇದ್ದದ್ದೇ ಒಂದು ದರ. ಹಳೆಯ ದರ ತೆಗೆದುಕೊಂಡರೂ ಹೊಸ ದರ ತೆಗೆದುಕೊಂಡರೂ ಉತ್ತರ ಒಂದೇ. ಆ ಟೆಸ್ಟ್ ಏನನ್ನೂ ಸಾಬೀತು ಮಾಡಿರಲಿಲ್ಲ.

ಟೆಸ್ಟ್ ಸರ್ವರ್‌ನ ದಿನಾಂಕ ಮುಂದೆ ಮಾಡಿ ಮತ್ತೆ ನೋಡಿದೆವು. 112 ರೂಪಾಯಿಯ ಒಂದು ಸ್ಟ್ರಿಪ್. ಮಾರಿದಾಗ 100 ರೂಪಾಯಿ ಬೆಲೆ, 12 ರೂಪಾಯಿ ತೆರಿಗೆ. ವಾಪಸ್ ಪಡೆದಾಗ ಗಿರಾಕಿಗೆ 112 ರೂಪಾಯಿಯೇ ಬಂತು, ಕ್ರೆಡಿಟ್ ನೋಟ್ ಪ್ರಿಂಟಿನಲ್ಲೂ 12 ರೂಪಾಯಿ ತೆರಿಗೆ. ಸರಿ ಅಂತ ಬಿಡುವ ಹಾಗಿತ್ತು. ತಿಂಗಳ ತೆರಿಗೆ ರಿಪೋರ್ಟ್ ತೆಗೆದು ನೋಡಿದರೆ ಅಲ್ಲಿ 106.67 ಬೆಲೆ, 5.33 ತೆರಿಗೆ. ರಿಪೋರ್ಟ್ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡು ಹೊಸ ದರ ಹಿಡಿದಿತ್ತು. ಒಟ್ಟು ಮೊತ್ತ ಎರಡು ಕಡೆಯೂ 112 ಆದ್ದರಿಂದ ಮೊತ್ತ ಮಾತ್ರ ನೋಡುವವರಿಗೆ ಇದು ಎಂದೂ ಸಿಗುವುದಿಲ್ಲ. ಅಂಗಡಿಯವರು 12 ರೂಪಾಯಿ ತೆರಿಗೆ ಕಡಿಮೆ ಮಾಡಿಕೊಳ್ಳಬೇಕಾದ ಕಡೆ 5.33 ಮಾತ್ರ ಮಾಡಿಕೊಳ್ಳುತ್ತಾರೆ. ಒಂದು ಸ್ಟ್ರಿಪ್‌ಗೆ 6.67 ನಷ್ಟ.

ಈಗ ಏನು ಮಾಡಬೇಕು? 812 ಹೋಗಲೇಬೇಕು. 815 ಇಲ್ಲದೆ ಅದನ್ನು ಕಳಿಸಿದರೆ ವಾಪಸಾತಿಯ ಪ್ರಿಂಟೂ ತಪ್ಪುತ್ತದೆ, ಗಿರಾಕಿಯ ಕೈಗೇ ತಪ್ಪು ಕಾಗದ ಹೋಗುತ್ತದೆ. ಎರಡನ್ನೂ ತಡೆದರೆ 22 ದಾಟುತ್ತದೆ. ರಿಪೋರ್ಟ್ ಕೋಡನ್ನು ಆತುರದಲ್ಲಿ ಮುಟ್ಟುವುದಕ್ಕೆ ಡೆವಲಪರ್‌ಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಆಗ ಕೇಳಿಕೊಂಡ ಪ್ರಶ್ನೆ ಇದು: ಈ ತಪ್ಪು ಅಂಗಡಿಯವರಿಗೆ ಯಾವಾಗ ತಟ್ಟುತ್ತದೆ? ಬಿಲ್ಲು ಪ್ರತಿ ನಿಮಿಷ ಬೇಕು. ತೆರಿಗೆ ರಿಪೋರ್ಟ್ ಬೇಕಾಗುವುದು ಮಾರಾಟದ ಲೆಕ್ಕವನ್ನು ಸರ್ಕಾರಕ್ಕೆ ಕೊಡುವ ಜಿಎಸ್‌ಟಿಆರ್-1 ಸಲ್ಲಿಸುವಾಗ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಸೆಪ್ಟೆಂಬರ್‌ನದಕ್ಕೆ ಗಡುವು ಅಕ್ಟೋಬರ್ 11. ಇನ್ನೊಂದು ವಿಷಯವನ್ನೂ ನೋಡಿದೆವು. ವಾಪಸಾತಿಯ ದಾಖಲೆಯಲ್ಲಿ ಸರಿಯಾದ ದರವೇ ಉಳಿದಿತ್ತು, ರಿಪೋರ್ಟ್ ಓದುವ ರೀತಿ ಮಾತ್ರ ತಪ್ಪಾಗಿತ್ತು. ದಾಖಲೆಯೇ ಕೆಟ್ಟಿದ್ದರೆ ನಾನು ಒಪ್ಪುತ್ತಿರಲಿಲ್ಲ. ಉಳಿದುಹೋದ ತಪ್ಪು ಅಂಕಿಯನ್ನು ಆಮೇಲೆ ನೂರಾರು ಅಂಗಡಿಗಳಲ್ಲಿ ಹುಡುಕಿ ತಿದ್ದುವುದು ಬೇರೆಯದೇ ಕಷ್ಟ. ಹಾಗಾಗಿ ಎರಡೂ ಟಿಕೆಟ್ 4.12ರಲ್ಲಿ ಹೋದವು. ರಿಪೋರ್ಟಿಗೆ ಹೊಸ ಟಿಕೆಟ್ ತೆರೆದು 4.12.1ಕ್ಕೆ ಹಾಕಿದೆವು. 815ನ್ನು ಮತ್ತೆ ತೆರೆಯಲಿಲ್ಲ. ಒಂದೇ ಟಿಕೆಟ್ ಎರಡು ಆವೃತ್ತಿಯಲ್ಲಿದ್ದರೆ ಮುಂದಿನ ಸಲ ಪಟ್ಟಿ ಹೋಲಿಸುವಾಗ ನನಗೇ ತಲೆ ಕೆಡುತ್ತದೆ.

ನೋಟ್ಸ್‌ಗೆ ಬರೋಣ. ನಮ್ಮ ಟಿಕೆಟ್‌ಗಳಲ್ಲಿ ರಿಲೀಸ್ ನೋಟ್ ಅಂತ ಒಂದು ಕಾಲಂ ಇದೆ. ಟಿಕೆಟ್ ಮುಗಿಸುವವರೇ ಅದರಲ್ಲಿ ಎರಡು ಸಾಲು ಬರೆಯಬೇಕು: ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತದೆ. ಬರೆಯುವಂಥದ್ದು ಇಲ್ಲದಿದ್ದರೆ "ಬೇಡ" ಅಂತಾದರೂ ಹಾಕಬೇಕು. ಖಾಲಿ ಬಿಟ್ಟರೆ ಬೇಡವೋ ಮರೆತದ್ದೋ ಗೊತ್ತಾಗುವುದಿಲ್ಲ. ಅವರು ಬರೆದದ್ದನ್ನು ನಾನು ಹಾಗೇ ಹಾಕುವುದಿಲ್ಲ. 812ರ ಶೀರ್ಷಿಕೆ "ತೆರಿಗೆ ಟೇಬಲ್‌ಗೆ ಜಾರಿ ದಿನಾಂಕದ ಕಾಲಂ ಸೇರ್ಪಡೆ" ಅಂತಿತ್ತು. ಕೌಂಟರ್‌ನಲ್ಲಿ ಕೂತವರಿಗೆ ಟೇಬಲ್ ಅಂದರೆ ಮರದ ಟೇಬಲ್. ಕೊನೆಗೆ ಹೋದ ನೋಟ್ಸ್‌ನ ಮೇಲಿನ ಭಾಗ ಹೀಗಿತ್ತು:

"ಸೆಪ್ಟೆಂಬರ್ 22ರಿಂದ ಮಾಡುವ ಬಿಲ್ಲುಗಳಿಗೆ ಹೊಸ ಜಿಎಸ್‌ಟಿ ದರ ತಾನಾಗಿ ಬರುತ್ತದೆ. ಇವತ್ತೇ ಅಪ್‌ಡೇಟ್ ಮಾಡಿಕೊಂಡರೂ 21ರವರೆಗೆ ಹಳೆಯ ದರವೇ ಇರುತ್ತದೆ.

ಹಳೆಯ ಸ್ಟಾಕಿನ ಎಂಆರ್‌ಪಿ ತಾನಾಗಿ ಇಳಿಯುವುದಿಲ್ಲ. ಕಂಪನಿಯಿಂದ ಹೊಸ ದರಪಟ್ಟಿ ಬಂದಮೇಲೆ ಐಟಂ ಪುಟದಲ್ಲಿ ನೀವೇ ಬದಲಿಸಿ.

22ಕ್ಕಿಂತ ಮೊದಲು ಮಾರಿದ್ದು ವಾಪಸ್ ಬಂದರೆ, ಹಳೆಯ ಬಿಲ್ ನಂಬರ್ ಹಾಕಿ ರಿಟರ್ನ್ ಮಾಡಿ. ಹಳೆಯ ದರದಲ್ಲೇ ತೆರಿಗೆ ಕಳೆಯುತ್ತದೆ.

ಗೊತ್ತಿರುವ ತೊಂದರೆ: ಇಂಥ ರಿಟರ್ನ್‌ಗಳ ತೆರಿಗೆ ತಿಂಗಳ ರಿಪೋರ್ಟಿನಲ್ಲಿ ಕಡಿಮೆ ತೋರಿಸುತ್ತದೆ. ಮುಂದಿನ ಅಪ್‌ಡೇಟ್ 4.12.1 ಹಾಕಿಕೊಂಡ ಮೇಲೆ ಸೆಪ್ಟೆಂಬರ್ ರಿಪೋರ್ಟ್ ತೆಗೆಯಿರಿ."

ಎಂಆರ್‌ಪಿಯ ಸಾಲು ಯಾವ ಟಿಕೆಟ್‌ನಿಂದಲೂ ಬಂದದ್ದಲ್ಲ. ಸಪೋರ್ಟ್‌ನಲ್ಲಿರುವ ಸಹೋದ್ಯೋಗಿಗೆ ಕರಡು ಓದಿಸಿದಾಗ ಅವರು ಕೇಳಿದರು: "ಸರ್, ದರ ಇಳಿದರೆ ರೇಟೂ ತಾನಾಗಿ ಇಳಿಯುತ್ತೆ ಅಂದ್ಕೊಳ್ತಾರಲ್ಲ ಅಂಗಡಿಯವರು?" ಸಾಫ್ಟ್‌ವೇರ್ ಮಾಡದ ಕೆಲಸಕ್ಕೆ ಟಿಕೆಟ್ ಎಲ್ಲಿಂದ ಬರಬೇಕು! ಆದ್ದರಿಂದ ಕರಡನ್ನು ಫೋನ್ ಎತ್ತುವವರಿಗೆ ಓದಿಸದೆ ನಾನು ಕಳಿಸುವುದಿಲ್ಲ. "ಗೊತ್ತಿರುವ ತೊಂದರೆ" ಅನ್ನುವ ಸಾಲು ಬೇಡ, ಕಂಪನಿಯ ಹೆಸರಿಗೆ ಚೆನ್ನಾಗಿರಲ್ಲ ಅಂತ ಒಬ್ಬರು ಹೇಳಿದರು. ಆ ಸಾಲು ಇಲ್ಲದಿದ್ದರೆ ಅಂಗಡಿಯವರ ಲೆಕ್ಕಿಗರು ಅಕ್ಟೋಬರ್ ಮೊದಲ ವಾರದಲ್ಲೇ ಹಳೆಯ ರಿಪೋರ್ಟ್ ತೆಗೆದು ಸಲ್ಲಿಸಿಬಿಡಬಹುದು ಅಂತ ಹೇಳಿದ ಮೇಲೆ ಒಪ್ಪಿಕೊಂಡರು.

ಉಳಿದ ಸಣ್ಣಪುಟ್ಟ ತಿದ್ದುಪಡಿಗಳೆಲ್ಲ ಕೆಳಗೆ ಒಂದೊಂದು ಸಾಲಿನಲ್ಲಿ ಹೋದವು. ನೋಟ್ಸ್ ಅಂತಿಮವಾದ ಮೇಲೆ ಇನ್ನೊಂದು ಕಮಿಟ್ ಒಳಗೆ ಬಂದರೆ ಎಲ್ಲ ಮತ್ತೆ ಮೊದಲಿನಿಂದ. ಅದಕ್ಕೇ ಬಿಲ್ಡ್ ಹೊರಡುವ ಮುಂಚೆ ಎರಡು ಪಟ್ಟಿಗಳನ್ನೂ ಹೊಸದಾಗಿ ತೆಗೆದು, ಎರಡು `comm` ಸಾಲುಗಳನ್ನೂ `Revert` ಹುಡುಕಾಟವನ್ನೂ ಇನ್ನೊಮ್ಮೆ ಓಡಿಸುತ್ತೇನೆ. ವಾಪಸ್ ತೆಗೆದದ್ದು, ಕೋಡ್ ಬೇಕಿಲ್ಲದ್ದು ಹೀಗೆ ಕಾರಣ ಗೊತ್ತಿರುವವು ಬಿಟ್ಟು ಬೇರೇನೂ ಬರದಿದ್ದರೆ `v4.12.0` ಟ್ಯಾಗ್ ಹಾಕುತ್ತೇನೆ. 4.12.1ರ ಹೋಲಿಕೆ ಶುರುವಾಗುವುದು ಆ ಟ್ಯಾಗ್‌ನಿಂದ.