ಶಿಖರ ಓದುವ ಮೊದಲು ಎಡಗಡೆ ನೋಡಿ: ಫ್ರೀಕ್ವೆನ್ಸಿ ರೆಸ್ಪಾನ್ಸ್‌ನಿಂದ ಡ್ಯಾಂಪಿಂಗ್ ಹುಡುಕುವುದು ಹೇಗೆ?

ಹಂಪನಕಟ್ಟೆಯಿಂದ ಸುರತ್ಕಲ್‌ಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಮಳೆಗಾಲದ ಹೊಂಡಗಳ ಮೇಲೆ ಬಸ್ಸು ನಿಧಾನ ಹೋದರೆ ರಸ್ತೆ ಏರಿದಷ್ಟು ನಾವೂ ಏರುತ್ತೇವೆ, ಇಳಿದಷ್ಟು ಇಳಿಯುತ್ತೇವೆ. ಒಂದು ವೇಗಕ್ಕೆ ಬಂದಾಗ ಮಾತ್ರ ಹೊಂಡ ಇದ್ದದ್ದಕ್ಕಿಂತ ಜಾಸ್ತಿ ಕುಣಿತ. ಅದಕ್ಕಿಂತ ಜೋರಾಗಿ ಹೋದರೆ ಮತ್ತೆ ಕುಣಿತ ಕಡಿಮೆ. ಶಾಕ್ ಅಬ್ಸಾರ್ಬರ್ ಸವೆದಷ್ಟೂ ಆ ನಡುವಿನ ಕುಣಿತ ಜೋರು. ಕ್ಲೋಸ್ಡ್ ಲೂಪ್ ಫ್ರೀಕ್ವೆನ್ಸಿ ರೆಸ್ಪಾನ್ಸ್ ಅಂದರೆ ಇಷ್ಟೇ: ಬೇರೆ ಬೇರೆ ವೇಗದಲ್ಲಿ ಅಲುಗಾಡಿಸಿ, ಎಷ್ಟು ಅಲುಗಾಡಿತು ಅಂತ ಬರೆದಿಟ್ಟದ್ದು. ಆ ಗ್ರಾಫಿನಲ್ಲಿ ಎದ್ದು ಕಾಣುವ ಗುಡ್ಡವೇ ರೆಸೊನೆಂಟ್ ಪೀಕ್. ಶಾಕ್ ಅಬ್ಸಾರ್ಬರ್ ಎಷ್ಟು ಗಟ್ಟಿ ಅಂತ ಹೇಳುವ ಸಂಖ್ಯೆ ಡ್ಯಾಂಪಿಂಗ್ ರೇಶಿಯೊ, ಝೀಟಾ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಕಳೆದ ಜೂನಿನಲ್ಲಿ ಒಂದು ಸಣ್ಣ ಸರ್ವೊ ಮಾಡಿಕೊಂಡು ಬಿಜೈಯ ನಮ್ಮ ಮನೆಗೆ ಬಂದ. ಡಿಸಿ ಮೋಟರ್, ಅದಕ್ಕೆ ಗೇರು, ಗೇರಿನ ತುದಿಗೆ ಒಂದು ಪೊಟೆನ್ಶಿಯೊಮೀಟರ್. ಪಾಟಿನ ವೋಲ್ಟೇಜನ್ನು 1.25 ಪಟ್ಟು ಹೆಚ್ಚಿಸಿ ಇನ್‌ಪುಟ್ ಜೊತೆ ಹೋಲಿಸುವ ಸರ್ಕ್ಯೂಟ್, ವ್ಯತ್ಯಾಸ ಎಷ್ಟೋ ಅಷ್ಟಕ್ಕೆ ಮೋಟರ್ ತಿರುಗಬೇಕು. "ಮಾವ, ಲೆಕ್ಕ ಹಾಕಿದರೆ ಓವರ್‌ಶೂಟ್ 27 ಪರ್ಸೆಂಟ್ ಬರ್ತದೆ, ಸ್ಕೋಪಿನಲ್ಲಿ ನೋಡಿದರೆ 37 ಉಂಟು. ಸೂತ್ರವೇ ತಪ್ಪಾ ಎಂತ?" ಅಂದ. ಓವರ್‌ಶೂಟ್ ಅಂದರೆ ಮೋಟರ್ ನಿಲ್ಲಬೇಕಾದ ಜಾಗ ದಾಟಿ ಎಷ್ಟು ಮುಂದೆ ಹೋಗುತ್ತದೆ ಅನ್ನುವುದು. ಸೂತ್ರ ತಪ್ಪಿರಲಿಲ್ಲ. ಅವನು ಓದಿದ್ದು ತಪ್ಪು. ಎಲ್ಲಿ ತಪ್ಪಿದ ಅಂತ ಹುಡುಕುತ್ತಾ ಹೋದರೆ ಇಡೀ ವಿಧಾನವೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದನ್ನೇ ಹೇಳುತ್ತೇನೆ.

ಮೊದಲು ಸರಿಯಾಗಿ ಅಳೆಯಿರಿ

ಫಂಕ್ಷನ್ ಜನರೇಟರಿನಿಂದ 1 ವೋಲ್ಟ್ ಎತ್ತರದ ಸೈನ್ ಅಲೆ ಕೊಡಿ. ಸ್ಕೋಪಿನ ಒಂದು ಚಾನೆಲ್ ಇನ್‌ಪುಟ್‌ಗೆ, ಇನ್ನೊಂದು ಪಾಟಿಗೆ. ಎರಡೂ ಚಾನೆಲ್ ಡಿಸಿ ಕಪ್ಲಿಂಗ್‌ನಲ್ಲೇ ಇರಲಿ. ಎಸಿ ಕಪ್ಲಿಂಗ್‌ನಲ್ಲಿ ಸ್ಕೋಪು ಕೆಲವು ಹರ್ಟ್ಜ್‌ಗಿಂತ ಕೆಳಗಿನ ಅಲೆಗಳನ್ನು ತಾನೇ ಕುಗ್ಗಿಸಿಬಿಡುತ್ತದೆ. ನಮ್ಮ ಆಟ ನಡೆಯುವುದೇ ಅಲ್ಲಿ. ಇಂಥ ನಿಧಾನದ ಸರ್ವೊಗಳಲ್ಲಿ ಈ ಒಂದು ಬಟನ್ ಎಷ್ಟು ಜನರ ರೀಡಿಂಗ್ ಕೆಡಿಸಿದೆಯೋ!

ಫ್ರೀಕ್ವೆನ್ಸಿ ಬದಲಿಸಿದ ತಕ್ಷಣ ಓದಬೇಡಿ, ಹಳೆಯ ಅಲುಗಾಟ ಸಾಯುವವರೆಗೆ ಕಾಯಬೇಕು. ಈ ಸರ್ವೊಗೆ ಒಂದು ಸೆಕೆಂಡು ಸಾಕಾಗುತ್ತಿತ್ತು. ನಾವು ಬರೆದುಕೊಂಡ ಔಟ್‌ಪುಟ್ ಹೀಗಿತ್ತು: 0.2 ಹರ್ಟ್ಜ್‌ನಲ್ಲಿ 0.80 ವೋಲ್ಟ್, 1 ಹರ್ಟ್ಜ್‌ನಲ್ಲಿ 0.84, 2ರಲ್ಲಿ 0.99, 3ರಲ್ಲಿ 1.28, 4ರಲ್ಲಿ 1.33, 5ರಲ್ಲಿ 0.84, 7ರಲ್ಲಿ 0.34.

ಇಷ್ಟೇ ನೋಡಿದರೆ ಶಿಖರ 4 ಹರ್ಟ್ಜ್‌ನಲ್ಲಿದೆ ಅನ್ನಿಸುತ್ತದೆ, ಅಲ್ವಾ? ಇಲ್ಲ. 3ಕ್ಕೂ 4ಕ್ಕೂ ನಡುವೆ 0.1 ಹರ್ಟ್ಜ್‌ನಂತೆ ಸಣ್ಣ ಹೆಜ್ಜೆ ಹಾಕಿದಾಗ 3.6 ಹರ್ಟ್ಜ್‌ನಲ್ಲಿ 1.40 ವೋಲ್ಟ್ ಸಿಕ್ಕಿತು. ಮೊದಲು ದೊಡ್ಡ ಹೆಜ್ಜೆ, ಗುಡ್ಡ ಎಲ್ಲಿದೆ ಅಂತ ಗೊತ್ತಾದ ಮೇಲೆ ಅದರ ಹತ್ತಿರ ಮಾತ್ರ ಸಣ್ಣ ಹೆಜ್ಜೆ.

ಇನ್ನೊಂದು ಪರೀಕ್ಷೆ ಇಲ್ಲೇ ಮಾಡಿ. 3.6 ಹರ್ಟ್ಜ್‌ನಲ್ಲಿ ಇನ್‌ಪುಟ್ ಅರ್ಧ ಮಾಡಿ, 0.5 ವೋಲ್ಟ್. ಔಟ್‌ಪುಟ್ 0.70ಕ್ಕೆ ಇಳಿಯಬೇಕು. ಅದಕ್ಕಿಂತ ಜಾಸ್ತಿ ಉಳಿದರೆ, ಮೊದಲು 1 ವೋಲ್ಟ್ ಕೊಟ್ಟಾಗ ಮೋಟರ್ ಡ್ರೈವರ್ ತನ್ನ ಮಿತಿ ಮುಟ್ಟಿ ಶಿಖರದ ತಲೆ ಕತ್ತರಿಸಿತ್ತು ಅಂತ ಅರ್ಥ. ಹಾಗೆ ಓದಿದರೆ ಡ್ಯಾಂಪಿಂಗ್ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಹಾಗಂತ ಇನ್‌ಪುಟ್ ತೀರಾ ಇಳಿಸಲೂಬಾರದು, ಗೇರಿನ ಸಡಿಲ ಮತ್ತು ತಿಕ್ಕಾಟವೇ ಅಲೆಯನ್ನು ನುಂಗಿಬಿಡುತ್ತದೆ. ನಮ್ಮದು 0.70ಕ್ಕೇ ಬಂತು.

ಈಗ ಭಾಗಿಸಿ

ಹುಡುಗ ತಪ್ಪಿದ್ದು ಇಲ್ಲಿ. ಇನ್‌ಪುಟ್ 1 ವೋಲ್ಟ್, ಶಿಖರ 1.40 ವೋಲ್ಟ್, ಹಾಗಾಗಿ ರೆಸೊನೆಂಟ್ ಪೀಕ್ 1.40 ಅಂತ ಬರೆದಿದ್ದ. ಆದರೆ ಈ ಸರ್ವೊ ನಿಧಾನದ ಅಲೆಗೂ 0.80 ಮಾತ್ರ ಕೊಡುತ್ತದೆ. ಫೀಡ್‌ಬ್ಯಾಕ್‌ನಲ್ಲಿ 1.25 ಪಟ್ಟು ಹೆಚ್ಚಿಸಿದ್ದಾನಲ್ಲ, 1 ಭಾಗಿಸು 1.25 ಅಂದರೆ 0.80. ಪುಸ್ತಕದ ಸೂತ್ರ ಗ್ರಾಫಿನ ಎಡಗಡೆ ತುದಿ 1 ಅಂತ ಒಪ್ಪಿಕೊಂಡು ಹೊರಟಿರುತ್ತದೆ. ನಮ್ಮ ಗ್ರಾಫಿನ ಎಡಗಡೆ 0.80 ಇದ್ದರೆ ಎಲ್ಲವನ್ನೂ 0.80ರಿಂದ ಭಾಗಿಸಲೇಬೇಕು. 1.40 ಭಾಗಿಸು 0.80 ಅಂದರೆ 1.75. ಅದು ನಿಜವಾದ ಪೀಕ್. ಡೆಸಿಬಲ್‌ನಲ್ಲಿ ಗ್ರಾಫ್ ಇದ್ದರೆ ಭಾಗಿಸುವ ಬದಲು ಎಡಗಡೆಯ ಮಟ್ಟವನ್ನು ಕಳೆದರಾಯಿತು. ಆಗ ಸಿಗುವುದು ಸುಮಾರು 4.9 ಡೆಸಿಬಲ್.

ಎರಡನೇ ದರ್ಜೆಯ ಸಿಸ್ಟಮ್‌ಗೆ ಸೂತ್ರ ಇವು. Mr ಅಂದರೆ ಪೀಕ್, fr ಅದು ಬಂದ ಫ್ರೀಕ್ವೆನ್ಸಿ, fn ನ್ಯಾಚುರಲ್ ಫ್ರೀಕ್ವೆನ್ಸಿ, fb ಬ್ಯಾಂಡ್‌ವಿಡ್ತ್.

```
Mr = 1 / (2ζ√(1 − ζ²))
ζ² = (1 − √(1 − 1/Mr²)) / 2
fr = fn √(1 − 2ζ²)
fb = fn √(1 − 2ζ² + √(4ζ⁴ − 4ζ² + 2))
```

ಎರಡನೇ ಸಾಲು ಮೊದಲನೆಯದನ್ನೇ ತಿರುಗಿಸಿದ್ದು. 1.75 ಹಾಕಿ: 1/Mr² ಅಂದರೆ 0.327, ಒಂದರಿಂದ ಕಳೆದರೆ 0.673, ಅದರ ವರ್ಗಮೂಲ 0.821. ಒಂದರಿಂದ ಅದನ್ನು ಕಳೆದು ಅರ್ಧ ಮಾಡಿದರೆ 0.0897. ಝೀಟಾ 0.30. ಹುಡುಗನ 1.40 ಹಾಕಿದ್ದರೆ 0.39 ಬರುತ್ತದೆ. 27 ಪರ್ಸೆಂಟ್ ಓವರ್‌ಶೂಟ್ ಹುಟ್ಟಿದ್ದು ಆ 0.39ರಿಂದ, 0.30ಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ 37 ಬರುತ್ತದೆ. ಸ್ಕೋಪು ಸುಳ್ಳು ಹೇಳಿರಲಿಲ್ಲ.

ಇನ್ನೊಂದು ಗುಂಡಿ ಇಲ್ಲಿದೆ. ಮೊದಲ ಸೂತ್ರವನ್ನು ಕ್ಯಾಲ್ಕುಲೇಟರಿಗೆ ಕೊಟ್ಟು ಬಿಡಿಸಿದರೆ ಎರಡು ಉತ್ತರ ಬರುತ್ತವೆ, 0.30 ಮತ್ತು 0.95. ಎರಡನೆಯದನ್ನು ಎಸೆಯಿರಿ. ಝೀಟಾ 0.707 ದಾಟಿದರೆ ಗುಡ್ಡವೇ ಏಳುವುದಿಲ್ಲ, ಗುಡ್ಡ ಕಣ್ಣೆದುರು ಇರುವಾಗ 0.95 ಹೇಗೆ ಸಾಧ್ಯ?

ಬ್ಯಾಂಡ್‌ವಿಡ್ತ್‌ಗೂ ಅದೇ ಎಡಗಡೆ

ಬ್ಯಾಂಡ್‌ವಿಡ್ತ್ ಅಂದರೆ ಎಡಗಡೆ ಮಟ್ಟದ 0.707 ಪಟ್ಟಿಗೆ, ಅಂದರೆ 3 ಡೆಸಿಬಲ್ ಕೆಳಗೆ, ಔಟ್‌ಪುಟ್ ಇಳಿಯುವ ಫ್ರೀಕ್ವೆನ್ಸಿ. 0.80ರ 0.707 ಪಟ್ಟು 0.566 ವೋಲ್ಟ್. ಗುಡ್ಡ ಇಳಿದು ಆ ಮಟ್ಟ ಮುಟ್ಟುವುದು 5.8 ಹರ್ಟ್ಜ್‌ನಲ್ಲಿ.

ರೇಡಿಯೊ ಟ್ಯೂನಿಂಗ್ ಸರ್ಕ್ಯೂಟ್ ಕಲಿತು ಬಂದವರು ಇಲ್ಲಿ ಎಡವುತ್ತಾರೆ. ಅವರು ಶಿಖರದಿಂದ 3 ಡೆಸಿಬಲ್ ಇಳಿಯುತ್ತಾರೆ: 1.40ರ 0.707 ಪಟ್ಟು, 0.99 ವೋಲ್ಟ್. ಅದು ಗುಡ್ಡದ ಎರಡೂ ಬದಿಯಲ್ಲಿ ಸಿಗುತ್ತದೆ, 2.0 ಹರ್ಟ್ಜ್ ಮತ್ತು 4.7 ಹರ್ಟ್ಜ್. ನಡುವಿನ ಅಗಲ 2.7. ಅದು ಗುಡ್ಡದ ಅಗಲ, ಸರ್ವೊದ ಬ್ಯಾಂಡ್‌ವಿಡ್ತ್ ಅಲ್ಲ. ಆ ಅಗಲವನ್ನು ಶಿಖರದ ಫ್ರೀಕ್ವೆನ್ಸಿಯ ಎರಡು ಪಟ್ಟಿನಿಂದ ಭಾಗಿಸಿದರೆ ಝೀಟಾ ಸಿಗುತ್ತದೆ ಅನ್ನುವ ಉಪಾಯವೂ ಉಂಟು. ಇಲ್ಲಿ ಅದು 0.375 ಕೊಡುತ್ತದೆ. ಡ್ಯಾಂಪಿಂಗ್ ತುಂಬಾ ಕಡಿಮೆ ಇದ್ದು ಗುಡ್ಡ ಸೂಜಿಯಂತೆ ಇದ್ದಾಗ ಮಾತ್ರ ಆ ಉಪಾಯ ನಡೆಯುತ್ತದೆ.

ಈಗ ಹೊಂದಾಣಿಕೆ ನೋಡಿ. 3.6 ಹರ್ಟ್ಜ್ ಮತ್ತು 0.30 ಇಟ್ಟುಕೊಂಡು ಮೂರನೇ ಸೂತ್ರದಿಂದ ನ್ಯಾಚುರಲ್ ಫ್ರೀಕ್ವೆನ್ಸಿ ಸುಮಾರು 4.0 ಹರ್ಟ್ಜ್. ನಾಲ್ಕನೆಯದರಿಂದ ಬ್ಯಾಂಡ್‌ವಿಡ್ತ್ 5.8. ಅಳೆದದ್ದೂ 5.8. ಶಿಖರದ ಎತ್ತರದಿಂದ ಹೊರಟ ಲೆಕ್ಕ, ಬೇರೆಯೇ ಜಾಗದಲ್ಲಿ ಅಳೆದದ್ದಕ್ಕೆ ಸರಿ ಹೊಂದಿತು.

ನನಗೆ ಇದಕ್ಕಿಂತ ನಂಬಿಕೆ ಇರುವ ಪರೀಕ್ಷೆ ಇನ್ನೊಂದು. ನ್ಯಾಚುರಲ್ ಫ್ರೀಕ್ವೆನ್ಸಿಯಲ್ಲಿ ಔಟ್‌ಪುಟ್ ಸರಿಯಾಗಿ 90 ಡಿಗ್ರಿ ಹಿಂದೆ ಬೀಳಬೇಕು. 4 ಹರ್ಟ್ಜ್ ಅಲೆಯ ಒಂದು ಸುತ್ತು 250 ಮಿಲಿಸೆಕೆಂಡ್, ಕಾಲು ಭಾಗ 62. ಸ್ಕೋಪಿನಲ್ಲಿ ಇನ್‌ಪುಟ್ ಸೊನ್ನೆ ದಾಟಿದ ಮೇಲೆ ಔಟ್‌ಪುಟ್ ಸುಮಾರು 62 ಮಿಲಿಸೆಕೆಂಡ್ ತಡವಾಗಿ ದಾಟಿತು. ಒಂದು ವೇಳೆ 75 ಬಂದಿದ್ದರೆ? ಲೂಪಿನಲ್ಲಿ ಲೆಕ್ಕಕ್ಕೆ ಸಿಗದ ಇನ್ನೊಂದು ತಡ ಇದೆ ಅಂತ: ಫಿಲ್ಟರ್ ಇರಬಹುದು, ಮೈಕ್ರೊಕಂಟ್ರೋಲರಿನ ವಿಳಂಬ ಇರಬಹುದು. ಆಗ ಈ ಸೂತ್ರಗಳ ಝೀಟಾ ಅಂದಾಜು ಮಾತ್ರ. ಕಂಟ್ರೋಲರಿನಲ್ಲಿ ಇಂಟಿಗ್ರಲ್ ಸೇರಿಸಿದರೂ ಹಾಗೆಯೇ, ಅದು ತರುವ ಝೀರೊ ಗುಡ್ಡದ ಆಕಾರವನ್ನೇ ಬದಲಿಸುತ್ತದೆ.

ಗುಡ್ಡ ತಗ್ಗಾದಷ್ಟೂ ಈ ವಿಧಾನ ಕೈಕೊಡುತ್ತದೆ ಅನ್ನುವುದೂ ಗೊತ್ತಿರಲಿ. ಝೀಟಾ 0.2 ಇದ್ದರೆ ಪೀಕ್ 2.55, 0.4ಕ್ಕೆ 1.36, 0.5ಕ್ಕೆ 1.15, 0.6ಕ್ಕೆ ಬರೀ 1.04. ಕೊನೆಯ ಆ 4 ಪರ್ಸೆಂಟನ್ನು ಸ್ಕೋಪಿನ ಗೆರೆ ದಪ್ಪವೇ ನುಂಗುತ್ತದೆ. ಅಂಥ ಕಡೆ ಶಿಖರ ಬಿಡಿ, 90 ಡಿಗ್ರಿ ಹಿಂದೆ ಬೀಳುವ ಫ್ರೀಕ್ವೆನ್ಸಿ ಹುಡುಕಿ, ಅಲ್ಲಿನ ಎತ್ತರ ಓದಿ, ಎಡಗಡೆ ಮಟ್ಟದಿಂದ ಭಾಗಿಸಿ. ಅಲ್ಲಿ ಉತ್ತರ ಯಾವಾಗಲೂ 1/(2ζ). ನಮ್ಮದರಲ್ಲಿ 1.33 ಭಾಗಿಸು 0.80 ಅಂದರೆ 1.66, ಝೀಟಾ ಮತ್ತೆ 0.30.

"ಹಾಗಾದರೆ ಓವರ್‌ಶೂಟ್ ಕಡಿಮೆ ಮಾಡಲಿಕ್ಕೆ ಎಂತ ಮಾಡುವುದು ಮಾವ?"

ಗೇನ್ ಅರ್ಧ ಮಾಡು ಮಾರಾಯ, ಆದರೆ ಮೊದಲು ಎಂತ ಬರ್ತದೆ ಅಂತ ಬರೆದಿಡು ಅಂದೆ. ಇಂಥ ಸರ್ವೊದಲ್ಲಿ ಗೇನ್ ಅರ್ಧವಾದರೆ ನ್ಯಾಚುರಲ್ ಫ್ರೀಕ್ವೆನ್ಸಿ 1.41ರಿಂದ ಭಾಗವಾಗುತ್ತದೆ, ಝೀಟಾ ಅಷ್ಟೇ ಪಟ್ಟು ಏರುತ್ತದೆ. ಅಂದರೆ 2.8 ಹರ್ಟ್ಜ್ ಮತ್ತು 0.42. ಅವನು ಸೂತ್ರಕ್ಕೆ ಹಾಕಿ ಬರೆದ: ಪೀಕ್ 1.30, ಶಿಖರ 2.25 ಹರ್ಟ್ಜ್‌ನಲ್ಲಿ, ಓವರ್‌ಶೂಟ್ 23 ಪರ್ಸೆಂಟ್, ಬ್ಯಾಂಡ್‌ವಿಡ್ತ್ 3.8 ಹರ್ಟ್ಜ್. ಕುಣಿತ ಇಳಿಯಿತು, ಆದರೆ ಮೊದಲು 5.8 ಹರ್ಟ್ಜ್‌ವರೆಗೆ ಓಡುತ್ತಿದ್ದ ಸರ್ವೊ ಈಗ 3.8ಕ್ಕೇ ಸುಸ್ತು. ಕಾಗದ ನೋಡಿ ಮುಖ ಸಣ್ಣದಾಯಿತು ಹುಡುಗನಿಗೆ. ಗೇನ್ ನಾಬ್ ತಿರುಗಿಸಿ ಮತ್ತೆ ಅಳೆಯಲು ಕೂತ. ಈ ಸಲ ಮೊದಲು 0.2 ಹರ್ಟ್ಜ್ ಇಟ್ಟು, 0.80 ಅಂತ ಬರೆದುಕೊಂಡೇ ಮುಂದೆ ಹೋದ. 2.2ರ ಹತ್ತಿರ ಔಟ್‌ಪುಟ್ 1.04 ವೋಲ್ಟ್ ಮುಟ್ಟಿ ಇಳಿಯತೊಡಗಿತು.